ಕಾಮೆಂಟ್‌ನಿಂದ ಹತ್ತು ಸ್ಕ್ರಿಪ್ಟ್: ಮೋಟಾರ್ ರಿಪೇರಿ ಚಾನೆಲ್‌ನ ನನ್ನ ಅನುಭವ

ದಾವಣಗೆರೆಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಜೊತೆಗೆ ಬೋರ್‌ವೆಲ್ ಮೋಟಾರ್, ಸ್ಟಾರ್ಟರ್ ರಿಪೇರಿ ಬಗ್ಗೆ ಒಂದು ಯೂಟ್ಯೂಬ್ ಚಾನೆಲ್ ನಡೆಸುತ್ತೇನೆ. ನೋಡುವವರು ಹೆಚ್ಚಾಗಿ ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯ ರೈತರು. ಮುಂದಿನ ವಿಡಿಯೊ ಯಾವುದು ಅಂತ ನಾನು ಕೂತು ಯೋಚಿಸುವುದಿಲ್ಲ, ಕಾಮೆಂಟ್‌ಗಳಿಂದ ಹೆಕ್ಕುತ್ತೇನೆ.

ಮೊದಲು ಜಾಸ್ತಿ ಕಾಮೆಂಟ್ ಬಂದಿರುವ ಎರಡು ಮೂರು ವಿಡಿಯೊ ಆರಿಸಿಕೊಳ್ಳುತ್ತೇನೆ. 'ಸೂಪರ್ ಅಣ್ಣ', 'ನಂಬರ್ ಕೊಡಿ' ಇಂಥವನ್ನು ಬಿಟ್ಟು, ತೊಂದರೆ ಹೇಳುವ ಕಾಮೆಂಟ್‌ಗಳನ್ನು ಮಾತ್ರ ಶೀಟ್‌ಗೆ ಹಾಕುತ್ತೇನೆ. ಕಾಗುಣಿತ ಕೂಡ ತಿದ್ದುವುದಿಲ್ಲ. ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರಶ್ನೆ ಇರುವ ಕಾಮೆಂಟ್‌ಗಳನ್ನಷ್ಟೇ ತೋರಿಸುವ ಫಿಲ್ಟರ್ ಇದೆ. ಆದರೆ ನಮ್ಮವರು ಪ್ರಶ್ನೆ ಚಿಹ್ನೆ ಹಾಕುವುದೇ ಅಪರೂಪ. ಹಾಗಾಗಿ ಅದನ್ನು ನಂಬಿ ಕೂರುವುದಿಲ್ಲ, ಕಣ್ಣಿನಿಂದಲೇ ಓದುತ್ತೇನೆ. ಹುಡುಕುವಾಗಲೂ ಒಂದು ತಾಪತ್ರಯ ಇದೆ. ಒಬ್ಬರು ನೀರು ಅಂತ ಕನ್ನಡದಲ್ಲಿ ಬರೆದರೆ ಇನ್ನೊಬ್ಬರು neeru, ಮತ್ತೊಬ್ಬರು niru ಅಂತ ಬರೆಯುತ್ತಾರೆ. ಮೂರನ್ನೂ ಹುಡುಕದಿದ್ದರೆ ಎಷ್ಟೋ ಕಾಮೆಂಟ್ ಕೈತಪ್ಪುತ್ತವೆ.

ಒಂದು ಉದಾಹರಣೆ ಹೇಳುತ್ತೇನೆ. ಮೋಟಾರ್ ಜಾಸ್ತಿ ಕರೆಂಟ್ ಎಳೆದರೆ ಸ್ಟಾರ್ಟರ್ ಕಟ್ ಮಾಡಿಸುವ ಓವರ್‌ಲೋಡ್ ರಿಲೇ ಸೆಟ್ಟಿಂಗ್ ಬಗ್ಗೆ ಒಂದು ವಿಡಿಯೊ ಮಾಡಿದ್ದೆ. ಕೆಳಗೆ ರಿಲೇ ಅನ್ನುವ ಮಾತನ್ನು ಯಾರೂ ಎತ್ತಿರಲಿಲ್ಲ. ಎಲ್ಲರದ್ದೂ ಒಂದೇ ದೂರು: 'ಸ್ಟಾರ್ಟರ್ ಆನ್ ಆಗಿ ನಿಲ್ತಾ ಇಲ್ಲ, ಕಟ್ ಆಗ್ತದೆ.' ಇದು ಒಂದೇ ವಿಷಯದ ಹಾಗೆ ಕಾಣುತ್ತದೆ, ಅಲ್ವಾ? ನಾನು ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ: 'ಆನ್ ಮಾಡಿದ ಎಷ್ಟು ಹೊತ್ತಿಗೆ ಕಟ್ ಆಗುತ್ತೆ ಅಣ್ಣ?' ಉತ್ತರ ಬಂದಾಗ ಅದೇ ದೂರು ಮೂರು ಕವಲಾಯಿತು. ಆನ್ ಮಾಡಿದ ತಕ್ಷಣ ಕಟ್ ಆದರೆ ಒಂದು ಫೇಸ್ ಹೋಗಿರಬಹುದು, ಇಲ್ಲವೇ ಪಂಪು ಜಾಮ್ ಆಗಿರಬಹುದು. ಸ್ವಲ್ಪ ಹೊತ್ತು ಓಡಿ ಕಟ್ ಆದರೆ ವೋಲ್ಟೇಜ್ ಕಡಿಮೆ ಇದ್ದು ಮೋಟಾರ್ ಜಾಸ್ತಿ ಆಂಪ್ಸ್ ಎಳೆಯುತ್ತಿರಬಹುದು, ಅಥವಾ ರಿಲೇಯನ್ನು ಬೇಕಾದ್ದಕ್ಕಿಂತ ಕಡಿಮೆ ಆಂಪ್ಸ್‌ಗೆ ಸೆಟ್ ಮಾಡಿರಬಹುದು. ಡ್ರೈ ರನ್, ಅಂದರೆ ನೀರಿಲ್ಲದೆ ಮೋಟಾರ್ ಓಡುವುದನ್ನು ತಡೆಯುವ ಪ್ಯಾನೆಲ್ ಇರುವ ಕಡೆ, ನೀರು ಬಿಟ್ಟು ಬಿಟ್ಟು ಬಂದು ಆಮೇಲೆ ಕಟ್ ಆದರೆ ಬೋರ್‌ನಲ್ಲೇ ನೀರು ಸಾಲುತ್ತಿಲ್ಲ. ಒಂದೊಂದಕ್ಕೂ ಪರೀಕ್ಷೆ ಬೇರೆ, ಪರಿಹಾರ ಬೇರೆ. ಅಲ್ಲಿಗೇ ಮೂರು ಸ್ಕ್ರಿಪ್ಟ್ ಆಯಿತು.

ನನಗೆ ತುಂಬ ಇಷ್ಟವಾದ ಕಾಮೆಂಟ್ ಇನ್ನೊಂದು: 'ಹೊಸ ಟಿಸಿ ಹಾಕಿದ ಮೇಲೆ ನೀರು ಕಮ್ಮಿ ಆಗಿದೆ.' ಬೋರ್ ಬತ್ತಿತೇನೋ ಅಂತ ಅವರಿಗೆ ಭಯ. ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್. ಅದನ್ನು ಬದಲಿಸುವಾಗ ಫೇಸ್‌ಗಳ ಕ್ರಮ ಅದಲುಬದಲಾದರೆ ತ್ರೀ ಫೇಸ್ ಮೋಟಾರ್ ಉಲ್ಟಾ ತಿರುಗುತ್ತದೆ. ಆಗಲೂ ನೀರು ಬರಬಹುದು, ಆದರೆ ಕಡಿಮೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಮೇನ್ ಆಫ್ ಮಾಡಿ, ಸ್ಟಾರ್ಟರ್‌ನಿಂದ ಮೋಟಾರಿಗೆ ಹೋಗುವ ಮೂರು ವೈರ್‌ಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ ನೋಡಿದರೆ ಗೊತ್ತಾಗುತ್ತದೆ. 'ಫೇಸ್ ಸೀಕ್ವೆನ್ಸ್' ಅಂತ ಶೀರ್ಷಿಕೆ ಕೊಟ್ಟಿದ್ದರೆ ಈ ರೈತರು ಅದನ್ನು ಮುಟ್ಟುತ್ತಲೇ ಇರಲಿಲ್ಲ. 'ಹೊಸ ಟಿಸಿ ಹಾಕಿದ ಮೇಲೆ ನೀರು ಕಮ್ಮಿ ಆಯ್ತಾ?' ಅಂತ ಕೊಟ್ಟೆ. ವಿಡಿಯೊದ ಮೊದಲ ಮಾತೂ ಅದೇ. ಆದರೆ ಅಂಗಡಿಯಲ್ಲಿ ಕೇಳಬೇಕಾದ ವಸ್ತು ಇದ್ದಾಗ ಅಂಗಡಿಯವರು ಅದಕ್ಕೆ ಹೇಳುವ ಹೆಸರನ್ನೂ ವಿಡಿಯೊದೊಳಗೆ ಹೇಳಲೇಬೇಕು. ಇಲ್ಲದಿದ್ದರೆ ಅವರು ಕೌಂಟರ್ ಮುಂದೆ ನಿಂತು ತಡವರಿಸುತ್ತಾರೆ.

ಹತ್ತು ಸ್ಕ್ರಿಪ್ಟ್‌ಗೆ ವಿಷಯ ಆರಿಸುವಾಗ ಲೈಕ್ ನೋಡುವುದಿಲ್ಲ. ಒಂದೇ ತೊಂದರೆಯನ್ನು ಬೇರೆ ಬೇರೆ ಜನ ಹೇಳಿದ್ದಾರಾ, ಕೆಳಗೆ 'ನಮ್ದೂ ಇದೇ ಕಥೆ' ಅಂತ ಯಾರಾದರೂ ಸೇರಿಕೊಂಡಿದ್ದಾರಾ, ಇಷ್ಟನ್ನೇ ನೋಡುತ್ತೇನೆ. ಒಬ್ಬರೇ ನಾಲ್ಕು ವಿಡಿಯೊ ಕೆಳಗೆ ಕೇಳಿದ್ದರೆ ಅದು ಒಂದೇ ಲೆಕ್ಕ. ಇನ್ನೊಂದು ವಿಷಯ, ಕಾಮೆಂಟ್ ಹಾಕುವವರು ಹೇಗೋ ವಿಡಿಯೊ ಸಿಕ್ಕಿದವರು. ಸಿಗದೇ ಇದ್ದವರ ಮಾತು ಅಲ್ಲಿರುವುದಿಲ್ಲ. ಅದಕ್ಕೆ ಸ್ಟುಡಿಯೊದ ಅನಲಿಟಿಕ್ಸ್‌ನಲ್ಲಿ ಜನ ಏನು ಹುಡುಕಿ ಬಂದರು ಅನ್ನುವ ಪಟ್ಟಿಯನ್ನೂ ನೋಡುತ್ತೇನೆ. ಆರಿಸಿದ ಮಾತನ್ನು ಯೂಟ್ಯೂಬ್ ಹುಡುಕಾಟದಲ್ಲಿ ಅರ್ಧ ಟೈಪ್ ಮಾಡಿ, ಉಳಿದದ್ದನ್ನು ಅದೇ ತುಂಬಿಕೊಡುತ್ತದಾ ಅಂತಲೂ ಪರೀಕ್ಷಿಸುತ್ತೇನೆ.

ಹೆಚ್ಚು ಜನ ಕೇಳಿದ್ದನ್ನೆಲ್ಲ ಮಾಡಲೂ ಆಗುವುದಿಲ್ಲ. 'ಪ್ರಿವೆಂಟರ್ ಬೈಪಾಸ್ ಮಾಡೋದು ತೋರಿಸಿ ಅಣ್ಣ' ಅನ್ನುವುದು ನನ್ನ ಶೀಟ್‌ನಲ್ಲಿ ಯಾವಾಗಲೂ ಮೇಲೆಯೇ ಇರುತ್ತದೆ. ಸಿಂಗಲ್ ಫೇಸ್ ಪ್ರಿವೆಂಟರ್ ಅಂದರೆ ಒಂದು ಫೇಸ್ ಹೋದಾಗ ಮೋಟಾರ್ ನಿಲ್ಲಿಸುವ ಸಾಧನ. ಅದನ್ನು ತಪ್ಪಿಸಿದರೆ ಮೋಟಾರ್ ಸುಟ್ಟುಹೋಗಬಹುದು. ಅದನ್ನು ಕಲಿಸುವುದಿಲ್ಲ. ಆದರೆ ಅವರ ಮಾತನ್ನು ಬಿಡಲೂ ಇಲ್ಲ. 'ಪ್ರಿವೆಂಟರ್ ಬೈಪಾಸ್ ಮಾಡಿದ ಮೋಟಾರ್ ಬಿಚ್ಚಿ ನೋಡೋಣ' ಅಂತ ಶೀರ್ಷಿಕೆ ಇಟ್ಟು, ಅಂಗಡಿಗೆ ಬಂದ ಒಂದು ಸುಟ್ಟ ಮೋಟಾರನ್ನು ಕ್ಯಾಮೆರಾ ಮುಂದೆ ಬಿಚ್ಚಿದೆ. ಸ್ಟಾರ್ ಕನೆಕ್ಷನ್ ಮೋಟಾರ್ ಅದು. ಎರಡು ಫೇಸಿನ ಸುತ್ತು ಕಪ್ಪಾಗಿತ್ತು, ಮೂರನೆಯದು ಹಾಗೇ ಇತ್ತು. ಅದರ ಕೆಳಗೆ ಬರುತ್ತಿರುವ ಕಾಮೆಂಟ್‌ಗಳಲ್ಲಿ ಈಗ ಬೇರೆಯದೇ ಪ್ರಶ್ನೆ: 'ರೀವೈಂಡಿಂಗ್ ಮಾಡಿಸೋದಾ, ಹೊಸ ಮೋಟಾರ್ ತಗೊಳ್ಳೋದಾ?' ಅದನ್ನೂ ಶೀಟ್‌ಗೆ ಹಾಕಿದ್ದೇನೆ.