ನಿಮ್ಮ ಪಾಯದ ಮಣ್ಣಲ್ಲೇ ಗೋಡೆಯ ಬ್ಲಾಕ್: ತೂಕ ಹಾಕಿ, ಆಮೇಲೆ ಒತ್ತಿ

ಮಣ್ಣಿನ ಗೋಡೆಯನ್ನು ಹಲವು ಬಗೆಯಲ್ಲಿ ಕಟ್ಟಬಹುದು. ಅಚ್ಚಿನಲ್ಲಿ ಮಣ್ಣು ತಟ್ಟಿ ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆ ನಮ್ಮ ಹಳ್ಳಿಗಳಲ್ಲಿ ಹಳೆಯದು. ಎರಡು ಹಲಗೆಗಳ ನಡುವೆ ಮಣ್ಣನ್ನು ಪದರ ಪದರವಾಗಿ ದಮ್ಮಸ್ಸು ಹೊಡೆದು ಇಡೀ ಗೋಡೆಯನ್ನೇ ಎಬ್ಬಿಸುವುದು ಇನ್ನೊಂದು ಬಗೆ. ಅದು ನೋಡಲು ಚೆಂದ, ಆದರೆ ಹಲಗೆ ಕಟ್ಟುವುದರಲ್ಲಿ ಪಳಗಿದ ಕೈ ಬೇಕು. ಸಾಮಾನ್ಯ ಮೇಸ್ತ್ರಿ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ ಇರುವುದು ಮೂರನೆಯ ಬಗೆಯಲ್ಲಿ: ಸ್ವಲ್ಪ ಸಿಮೆಂಟ್ ಬೆರೆಸಿದ ಮಣ್ಣನ್ನು ಯಂತ್ರದಲ್ಲಿ ಒತ್ತಿ, ಸುಡದೆ ಬಳಸುವ ಮಡ್ ಬ್ಲಾಕ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತವರ ಸಂಗಡಿಗರು ಇದನ್ನು ನಮ್ಮ ಕೆಂಪುಮಣ್ಣಿಗೆ ಹೊಂದುವಂತೆ ರೂಪಿಸಿದರು.

10 ಅಡಿಗೆ 10 ಅಡಿಯ ಒಂದು ಕೋಣೆಯನ್ನೇ ಲೆಕ್ಕಕ್ಕೆ ಹಿಡಿಯೋಣ. ಗೋಡೆ 10 ಅಡಿ ಎತ್ತರ, ಜಾಗ ಕೆಂಪುಮಣ್ಣಿನದು.

ಮೊದಲು ಮಣ್ಣು

ಮೇಲಿನ ಒಂದು ಅಡಿ ಮಣ್ಣನ್ನು ಬದಿಗಿಡಿ. ಅದರಲ್ಲಿ ಬೇರು, ಗೊಬ್ಬರದ ಅಂಶ ಇರುತ್ತದೆ. ಅದು ತೋಟಕ್ಕೆ ಒಳ್ಳೆಯದು, ಗೋಡೆಗಲ್ಲ. ಅದರ ಕೆಳಗಿನ ಮಣ್ಣಿನಿಂದ ಒಂದು ಹಿಡಿ ತೆಗೆದು ನೆಟ್ಟಗಿನ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗದಷ್ಟು ತುಂಬಿ, ನೀರು ಮತ್ತು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಅಲುಗಾಡಿಸಿ ಇಡಿ. ಒಂದು ನಿಮಿಷದೊಳಗೆ ತಳಕ್ಕೆ ಇಳಿಯುವುದು ಮರಳು. ಅದರ ಮೇಲೆ ಅರ್ಧ ಗಂಟೆಯಲ್ಲಿ ಕೂರುವುದು ನುಣುಪು ಧೂಳಿನಂಥ ಕಣ. ಮರುದಿನ ಹೊತ್ತಿಗೆ ಎಲ್ಲಕ್ಕಿಂತ ಮೇಲೆ ನಿಲ್ಲುವುದು ಜೇಡಿ. ಒಂದೊಂದು ಪದರ ನಿಂತಾಗಲೂ ಬಾಟಲಿಯ ಮೇಲೆ ಗೆರೆ ಎಳೆಯಿರಿ. ಜೇಡಿ ನೀರು ಕುಡಿದು ಉಬ್ಬುವುದರಿಂದ ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆ. ಹಾಗಾಗಿ ಇಡೀ ಮನೆಯನ್ನೇ ಕಟ್ಟುವವರು ಮಣ್ಣನ್ನು ಒಮ್ಮೆ ಪ್ರಯೋಗಾಲಯಕ್ಕೆ ಕಳಿಸುವುದು ಒಳ್ಳೆಯದು.

ಸಿಮೆಂಟ್ ಬೆರೆಸುವ ಬ್ಲಾಕಿಗೆ ಮರಳು ಶೇ 65ರಿಂದ 70, ಜೇಡಿ ಶೇ 10ರಿಂದ 15 ಇದ್ದರೆ ಚೆನ್ನ. ನಮ್ಮ ಕೆಂಪುಮಣ್ಣಲ್ಲಿ ಜೇಡಿ ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ. ನಮ್ಮ ಉದಾಹರಣೆಯ ಮಣ್ಣಲ್ಲಿ ಜೇಡಿ ಶೇ 30, ಮರಳು ಶೇ 50 ಎಂದಿಟ್ಟುಕೊಳ್ಳಿ. ಅದಕ್ಕೆ ಸಮಪ್ರಮಾಣದ ಕ್ವಾರಿ ಡಸ್ಟ್ ಬೆರೆಸಿದರೆ ಜೇಡಿ ಶೇ 15ಕ್ಕೆ ಇಳಿಯುತ್ತದೆ, ಮರಳು ಶೇ 70ರ ಹತ್ತಿರ ಬರುತ್ತದೆ. ಈ ಖರ್ಚು ಉಳಿಸಲು ಹೋಗಿ ಬರೀ ಕೆಂಪುಮಣ್ಣನ್ನೇ ಒತ್ತುವವರಿದ್ದಾರೆ. ಬ್ಲಾಕ್ ಹೊರಬಂದಾಗ ಬಲು ಅಂದ, ಒಣಗುವಾಗ ಕೂದಲೆಳೆಯ ಬಿರುಕು ಮೂಡುತ್ತದೆ. ಜೇಡಿ ಜಾಸ್ತಿಯಾದ ಕಡೆ ಸಿಮೆಂಟ್ ಸುರಿದರೂ ಆ ಬಿರುಕು ನಿಲ್ಲದು.

ನೀರು ಮತ್ತು ಸಿಮೆಂಟ್

ಮಣ್ಣನ್ನು ಹೆಂಟೆ ಒಡೆದು 5 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸಾಣಿಸಿ. ಕ್ವಾರಿ ಡಸ್ಟ್ ಸೇರಿದ 100 ಕಿಲೋ ಒಣಮಣ್ಣಿಗೆ 7 ಕಿಲೋ ಸಿಮೆಂಟ್ ಹಾಕಿ, ಬಣ್ಣ ಒಂದೇ ಸಮ ಆಗುವವರೆಗೆ ಒಣದಾಗಿಯೇ ಬೆರೆಸಿ. ಆಮೇಲೆ ಝಾರಿ ಹಿಡಿದು ನೀರು ಚಿಮುಕಿಸಿ. ಒಟ್ಟು ನೀರು ಸುಮಾರು ಶೇ 11, ಅಂದರೆ 12 ಲೀಟರಿಗೆ ತುಸು ಕಡಿಮೆ. ಆದರೆ ಮಣ್ಣಲ್ಲಿ ಮೊದಲೇ ತೇವ ಇರುತ್ತದಲ್ಲ? ಒಂದು ಕಿಲೋ ಮಣ್ಣನ್ನು ಬಾಣಲೆಯಲ್ಲಿ ಹುರಿದು ಮತ್ತೆ ತೂಗಿ. 960 ಗ್ರಾಂ ಬಂದರೆ ನಿಮ್ಮ ರಾಶಿಯ ಪ್ರತಿ 100 ಕಿಲೋದಲ್ಲಿ 4 ಲೀಟರ್ ನೀರು ಈಗಾಗಲೇ ಇದೆ, ಹಾಕಬೇಕಾದ್ದು ಉಳಿದ 7–8 ಲೀಟರ್ ಮಾತ್ರ.

ನೀರಿನ ಹದ ನೋಡಲು ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಉಂಡೆ ಕಟ್ಟಿ, ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕಾರು ಚೂರಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಅಂಟಿಕೊಂಡರೆ ಹೆಚ್ಚಾಗಿದೆ. ಒಂದು ಸಲಕ್ಕೆ ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಇಡೀ ಮೂಟೆ ಸಿಮೆಂಟನ್ನು ಬೆಳಿಗ್ಗೆಯೇ ಕಲಸಿಟ್ಟು ಊಟದ ಹೊತ್ತಿನವರೆಗೆ ಒತ್ತಿದರೆ ಕೊನೆಯ ಬ್ಲಾಕುಗಳಲ್ಲಿ ಸಿಮೆಂಟ್ ಹೆಸರಿಗಷ್ಟೇ ಇರುತ್ತದೆ.

ತಕ್ಕಡಿ ಇಲ್ಲದೆ ಒತ್ತಬೇಡಿ

ಕೈಯಂತ್ರದ ಅಚ್ಚು ಎಷ್ಟು ಮಣ್ಣು ಹಾಕಿದರೂ ಒಂದೇ ಗಾತ್ರದ ಬ್ಲಾಕ್ ಕೊಡುತ್ತದೆ. ಕಣ್ಣಿಗೆ ಎಲ್ಲವೂ ಒಂದೇ. ಬಲ ಇರುವುದು ಆ ಗಾತ್ರದೊಳಗೆ ಎಷ್ಟು ಮಣ್ಣು ಅಡಕವಾಗಿದೆ ಎನ್ನುವುದರಲ್ಲಿ. ಮಣ್ಣು ಕಡಿಮೆ ಬಿದ್ದರೆ ಲಿವರ್ ಸಲೀಸಾಗಿ ಇಳಿಯುತ್ತದೆ, ಒತ್ತುವವನಿಗೆ ಆರಾಮ, ಬ್ಲಾಕ್ ಮಾತ್ರ ಟೊಳ್ಳು. ಅದಕ್ಕೇ ಪ್ರತಿ ಬ್ಲಾಕಿನ ಮಣ್ಣನ್ನೂ ತೂಗಿಯೇ ಅಚ್ಚಿಗೆ ಹಾಕಬೇಕು.

ಲೆಕ್ಕ ಸುಲಭ. 230 x 190 x 100 ಮಿಲಿಮೀಟರ್ ಬ್ಲಾಕಿನ ಗಾತ್ರ 4,370 ಘನ ಸೆಂಟಿಮೀಟರ್. ಒಂದು ಘನ ಸೆಂಟಿಮೀಟರಿಗೆ 1.8 ಗ್ರಾಂ ಒಣ ತೂಕ ಬೇಕು, ಅಂದರೆ ಬ್ಲಾಕಿಗೆ ಸುಮಾರು 7.9 ಕಿಲೋ. ಶೇ 11 ನೀರು ಸೇರಿಸಿದರೆ ಅಚ್ಚಿಗೆ ಬೀಳಬೇಕಾದ ಹಸಿಮಣ್ಣು 8.7 ಕಿಲೋ. ಮೂಲೆಗಳಿಗೆ ಬೆರಳಿನಿಂದ ಮಣ್ಣು ಅದುಮಿ, ಮುಚ್ಚಳ ಹಾಕಿ ಒತ್ತಿ. ಬ್ಲಾಕ್ ಅಚ್ಚಿಗೆ ಅಂಟಿದರೆ ನೀರು ಜಾಸ್ತಿ, ಎತ್ತುವಾಗ ಅಂಚು ಉದುರಿದರೆ ಕಡಿಮೆ.

ಒಂದು ಮೂಟೆ ಸಿಮೆಂಟಿಗೆ ಸುಮಾರು 95 ಬ್ಲಾಕ್ ಆಗುತ್ತವೆ. ಬಾಗಿಲು ಕಿಟಕಿ ಕಳೆದು ನಮ್ಮ ಕೋಣೆಯ ಗೋಡೆ 350 ಚದರ ಅಡಿ ಎಂದರೆ, 190 ಮಿಲಿಮೀಟರ್ ದಪ್ಪಕ್ಕೆ 1,200 ಬ್ಲಾಕ್ ಬೇಕು. ಅದಕ್ಕೆ 13 ಮೂಟೆ ಸಿಮೆಂಟ್, ತಲಾ ನಾಲ್ಕೂವರೆ ಟನ್ ಮಣ್ಣು ಮತ್ತು ಕ್ವಾರಿ ಡಸ್ಟ್. ಮಣ್ಣನ್ನು ಕೊಳ್ಳಬೇಕಿಲ್ಲ. ಎರಡಡಿ ಅಗಲ, ಮೂರಡಿ ಆಳದ ಪಾಯ ತೋಡಿದರೆ ಮೇಲ್ಮಣ್ಣು ಬಿಟ್ಟೂ ಇದಕ್ಕಿಂತ ಹೆಚ್ಚು ಸಿಗುತ್ತದೆ.

ನೆರಳು, ನೀರು, ಪರೀಕ್ಷೆ

ಬ್ಲಾಕುಗಳನ್ನು ನೆರಳಲ್ಲಿ ಐದಾರು ಸಾಲು ಎತ್ತರಕ್ಕೆ ಪೇರಿಸಿ, ಒದ್ದೆ ಗೋಣಿಯೋ ಹುಲ್ಲೋ ಹೊದಿಸಿ. ಮರುದಿನದಿಂದ ನೀರು ಚಿಮುಕಿಸುತ್ತಾ 28 ದಿನ ತೇವ ಆರದಂತೆ ನೋಡಿಕೊಳ್ಳಿ. ಕೆಲಸ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಮೊದಲ ವಾರ ಬಿಸಿಲಿಗೆ ಬಿಟ್ಟ ಬ್ಲಾಕಿಗೆ ಆಮೇಲೆ ಎಷ್ಟು ನೀರು ಹನಿಸಿದರೂ ಹೋದ ಬಲ ಪೂರ್ತಿ ಬರುವುದಿಲ್ಲ.

ಪರೀಕ್ಷೆ ಒಣ ಬ್ಲಾಕಿನ ಮೇಲೆ ಬೇಡ. ಒದ್ದೆಯಾದಾಗ ಬಲ ಸುಮಾರು ಅರ್ಧಕ್ಕೆ ಇಳಿಯುವುದರಿಂದ ನಂಬಬೇಕಾದದ್ದು ಒದ್ದೆ ಬಲವನ್ನು. ಪೂರ್ತಿ ಒಣಗಿದ ಬ್ಲಾಕನ್ನು ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿ ಮತ್ತೆ ತೂಗಿ. ಹೀರಿದ ನೀರು ಶೇ 15 ಮೀರಬಾರದು, ಅಂದರೆ 7.9 ಕಿಲೋದ್ದು 9.1 ಕಿಲೋ ದಾಟಬಾರದು. ಉಗುರಿನಲ್ಲಿ ಕೆರೆದರೆ ಮಣ್ಣು ಬಂದರೆ ಆ ದಿನದ ರಾಶಿಯನ್ನು ಕಾಂಪೌಂಡಿಗೂ ಬಳಸಬೇಡಿ. ಜತೆಗೆ ಕೆಲವು ಬ್ಲಾಕುಗಳನ್ನು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಒತ್ತಿಸಿ ನೋಡಿ. ಒದ್ದೆಯಲ್ಲಿ 3.5 ಮೆಗಾಪಾಸ್ಕಲ್ ಬಂದರೆ ಒಂದಂತಸ್ತಿನ ಮನೆಗೆ ಸಾಕು.

ಕಟ್ಟುವಾಗ

ಸೈಜುಗಲ್ಲಿನ ಪಾಯವನ್ನು ನೆಲದಿಂದ ಒಂದೂವರೆ ಅಡಿ ಎಬ್ಬಿಸಿ, ತೇವ ಏರದಂತೆ ಕಾಂಕ್ರೀಟ್ ಪಟ್ಟಿ ಹಾಕಿದ ಮೇಲೇ ಬ್ಲಾಕ್ ಇಡಬೇಕು. ಬ್ಲಾಕನ್ನು ತುಸು ನೀರಲ್ಲಿ ಅದ್ದಿ ಇಡಿ, ನೆನೆಸಬೇಡಿ. ಗಾರೆಗೆ ಒಂದು ಪಾಲು ಸಿಮೆಂಟ್, ಎರಡು ಪಾಲು ಜರಡಿ ಹಿಡಿದ ಕೆಂಪುಮಣ್ಣು, ಆರು ಪಾಲು ಮರಳು. ಮೇಸ್ತ್ರಿಗಳು ಇನ್ನಷ್ಟು ಸಿಮೆಂಟ್ ಕೇಳುತ್ತಾರೆ, ಕೊಡಬೇಡಿ. ಗಾರೆ ಬ್ಲಾಕಿಗಿಂತ ಗಟ್ಟಿಯಾದರೆ ಗೋಡೆ ತುಸು ಕದಲಿದಾಗ ಬಿರುಕು ಸಂದಿಯ ಬದಲು ಬ್ಲಾಕನ್ನೇ ಸೀಳಿಕೊಂಡು ಹೋಗುತ್ತದೆ. ಸೂರು ಎರಡಡಿ ಹೊರಚಾಚಿದ್ದರೆ ಹೊರಗೋಡೆಗೆ ಪ್ಲಾಸ್ಟರ್ ಬೇಡ, ಸಂದಿ ತುಂಬಿದರೆ ಸಾಕು.

ಇಷ್ಟೂ ಲೆಕ್ಕ ಕೆಂಪುಮಣ್ಣಿನದು. ಉತ್ತರ ಕರ್ನಾಟಕದ ಎರೆಮಣ್ಣಿನ ಜೇಡಿಯ ಜಾತಿಯೇ ಬೇರೆ. ನೀರು ಕಂಡರೆ ಉಬ್ಬುತ್ತದೆ, ಬಿಸಿಲಿಗೆ ಬಾಯಿಬಿಡುತ್ತದೆ, ಸಿಮೆಂಟೊಂದಕ್ಕೇ ಬಗ್ಗುವುದಿಲ್ಲ. ಅಲ್ಲಿ ಸುಣ್ಣ ಬೆರೆಸಬೇಕು. ಅದರ ಪ್ರಮಾಣವನ್ನು ಪ್ರಯೋಗಾಲಯದಲ್ಲೇ ಗೊತ್ತುಮಾಡಿಕೊಳ್ಳಬೇಕು. ಹತ್ತಿರದಲ್ಲಿ ಗರಸು ಮಣ್ಣು ಸಿಗುವಂತಿದ್ದರೆ ಎರಡು ಟ್ರ್ಯಾಕ್ಟರ್ ತರಿಸಿಕೊಳ್ಳುವುದೇ ಅಗ್ಗ.