ಚಾಟ್‌ಬಾಟ್ ಜೊತೆ ನಲವತ್ತು ಪುಟದ ವರದಿ: ಮೊದಲು ಹಂದರ, ಆಮೇಲೆ ಬಳ್ಳಿ

‘ಕಲಬುರಗಿ ಜಿಲ್ಲೆಯ ತೊಗರಿ ಬೆಳೆಗಾರರ ಸಮಸ್ಯೆಗಳ ಬಗ್ಗೆ ನಲವತ್ತು ಪುಟದ ವರದಿ ಬರೆದುಕೊಡು’ ಎಂದು ಚಾಟ್‌ಬಾಟ್‌ಗೆ ಕೇಳಿ ನೋಡಿ. ಬರುವುದು ನಾಲ್ಕೈದು ಪುಟ. ಅದರಲ್ಲಿ ಅರ್ಧ ಯಾವ ಜಿಲ್ಲೆಗಾದರೂ ಹೊಂದುವ ಮಾತು, ಉಳಿದದ್ದರಲ್ಲಿ ಎಲ್ಲಿಂದ ಬಂದವೋ ತಿಳಿಯದ ಅಂಕಿಗಳು. ಒಂದು ಉತ್ತರದಲ್ಲಿ ಅದು ಎಷ್ಟು ಬರೆಯಬಲ್ಲದು ಎಂಬುದಕ್ಕೆ ಮಿತಿ ಇದೆ. ಕನ್ನಡದಲ್ಲಿ ಆ ಮಿತಿ ಇನ್ನೂ ಬೇಗ ಬರುತ್ತದೆ. ಈ ಯಂತ್ರಗಳು ಪದಗಳನ್ನು ಟೋಕನ್ ಎಂಬ ಚೂರುಗಳಾಗಿ ಒಡೆದು ಓದುತ್ತವೆ, ಇಂಗ್ಲಿಷ್ ಪದಕ್ಕಿಂತ ಕನ್ನಡ ಪದ ಸಾಮಾನ್ಯವಾಗಿ ಹೆಚ್ಚು ಚೂರಾಗುತ್ತದೆ.

ಹಾಗಾಗಿ ಉದ್ದದ ವರದಿಯನ್ನು ತುಂಡು ತುಂಡಾಗಿಯೇ ಬರೆಸಬೇಕು. ತುಂಡು ಮಾಡಿದ ಮೇಲೆ ಇನ್ನೊಂದು ತೊಂದರೆ ಶುರು: ಎರಡನೇ ಅಧ್ಯಾಯದಲ್ಲಿ ಹೇಳಿದ್ದು ಆರನೆಯದರಲ್ಲಿ ನೆನಪಿರುವುದಿಲ್ಲ. ನೆನಪಿಡುವ ಕೆಲಸವನ್ನು ಚಾಟ್‌ಗೆ ಬಿಡದೆ, ಹೊರಗೆ ಒಂದು ಕಡತದಲ್ಲಿ ನೀವೇ ಇಟ್ಟುಕೊಂಡರೆ ವರದಿ ಒಂದೇ ಕೈಯಿಂದ ಬಂದಂತೆ ಓದಿಸಿಕೊಳ್ಳುತ್ತದೆ.

ಉದಾಹರಣೆಗೆ ಒಂದು ಎಂ.ಎ. ಪ್ರಾಜೆಕ್ಟ್ ತೆಗೆದುಕೊಳ್ಳೋಣ. ಆಳಂದ, ಚಿತ್ತಾಪುರ, ಸೇಡಂ ತಾಲ್ಲೂಕುಗಳ ಒಂದೊಂದು ಹಳ್ಳಿಯಲ್ಲಿ 20 ರೈತರಂತೆ 60 ಜನರನ್ನು ಮಾತಾಡಿಸಿದ ಸಮೀಕ್ಷೆ. ವಿಷಯ, ನೆಟೆ ರೋಗದಿಂದ ಆದ ನಷ್ಟ. 60ರಲ್ಲಿ 38 ಜನರ ಹೊಲದಲ್ಲಿ ರೋಗ ಕಂಡಿದೆ. ಆಳಂದದ ಹಳ್ಳಿಯಲ್ಲಿ 15, ಚಿತ್ತಾಪುರದ್ದರಲ್ಲಿ 12, ಸೇಡಂನದ್ದರಲ್ಲಿ 11. ಅಂಕಿಗಳು ವಿಧಾನ ತೋರಿಸಲು ಕಲ್ಪಿಸಿದವು.

ಚಾಟ್ ತೆರೆಯುವ ಮೊದಲು: ಆಧಾರ ಪುಟ

ಒಂದೇ ಪುಟ, ಹೆಚ್ಚೆಂದರೆ 300 ಪದ. ವರದಿ ಯಾರಿಗೆ, ಯಾವ ಪ್ರಶ್ನೆಗೆ ಉತ್ತರ, ಮುಖ್ಯ ಅಂಕಿಗಳು, ಪದಗಳ ಪಟ್ಟಿ, ಅಳತೆ ಇಷ್ಟೂ ಇದರಲ್ಲಿರಲಿ.

ಪದಪಟ್ಟಿಯನ್ನು ಹಗುರವಾಗಿ ನೋಡಬೇಡಿ. ತೊಗರಿಗೆ ನೆಟೆ ರೋಗವೂ ಬರುತ್ತದೆ, ಗೊಡ್ಡು ರೋಗವೂ ಬರುತ್ತದೆ. ಮೊದಲನೆಯದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ, ಗಿಡ ಬಾಡಿ ಒಣಗುತ್ತದೆ. ಎರಡನೆಯದು ನುಸಿಯಿಂದ ಹರಡುವ ವೈರಸ್, ಗಿಡ ಹಸಿರಾಗಿದ್ದರೂ ಹೂವು ಬಿಡುವುದಿಲ್ಲ. ಕೈಬಿಟ್ಟರೆ ಚಾಟ್‌ಬಾಟ್ ಒಂದು ಕಡೆ ‘ನೆಟೆ ರೋಗ’, ಇನ್ನೊಂದು ಕಡೆ ‘ಬಾಡು ರೋಗ’, ಮತ್ತೊಂದು ಕಡೆ ‘ಸೊರಗು ರೋಗ’ ಎಂದು ಬರೆದು, ನಡುವೆ ಗೊಡ್ಡು ರೋಗದ ಲಕ್ಷಣವನ್ನೂ ಸೇರಿಸಿಬಿಡಬಹುದು. ‘ನೆಟೆ ರೋಗ ಎಂದೇ ಬರೆಯಬೇಕು, ಬೇರೆ ಹೆಸರು ಬೇಡ, ಗೊಡ್ಡು ರೋಗ ಈ ವರದಿಯ ವಿಷಯವಲ್ಲ’ ಎಂಬ ಒಂದು ಸಾಲು ಇದನ್ನು ತಡೆಯುತ್ತದೆ.

ಅಳತೆಯಲ್ಲೂ ಹೀಗೆಯೇ. ನಮ್ಮ ರೈತರು ಎಕರೆಯಲ್ಲಿ ಲೆಕ್ಕ ಹೇಳುತ್ತಾರೆ, ಸರ್ಕಾರಿ ದಾಖಲೆ ಹೆಕ್ಟೇರ್‌ನಲ್ಲಿ ಇರುತ್ತದೆ. ರೋಗ ಬಿದ್ದ ಹೊಲದಲ್ಲಿ ಎಕರೆಗೆ 3.2 ಕ್ವಿಂಟಲ್ ಎಂದರೆ ಹೆಕ್ಟೇರಿಗೆ ಸುಮಾರು 7.9. ಎರಡೂ ಸರಿ, ಆದರೆ ಮೂರನೇ ಅಧ್ಯಾಯದಲ್ಲಿ ಒಂದು, ಐದನೆಯದರಲ್ಲಿ ಇನ್ನೊಂದು ಬಂದರೆ ಇಳುವರಿ ದುಪ್ಪಟ್ಟಾಯಿತೇ ಎಂದು ಗೈಡ್ ಕೇಳುತ್ತಾರೆ.

ವರ್ಷದ ಗೊಂದಲ ಇನ್ನೂ ಸೂಕ್ಷ್ಮ. ತೊಗರಿ ಬಿತ್ತುವುದು ಜೂನ್–ಜುಲೈನಲ್ಲಿ, ರಾಶಿ ಮಾಡಿ ಮಾರುವುದು ಹೊಸ ವರ್ಷ ಹುಟ್ಟಿದ ಮೇಲೆ. 2023ರಲ್ಲಿ ಬಿತ್ತಿದ್ದನ್ನು 2024ರ ಜನವರಿಯಲ್ಲಿ ಮಾರಿದ ರೈತನಿಗೆ ಅನ್ವಯಿಸುವ ಬೆಂಬಲ ಬೆಲೆ 2023–24ರದು, ಕ್ವಿಂಟಲ್‌ಗೆ 7,000 ರೂಪಾಯಿ. ‘2024ರಲ್ಲಿ ಮಾರಿದರು’ ಎಂದಷ್ಟೇ ಬರೆದರೆ ಯಂತ್ರ 2024–25ರ 7,550 ರೂಪಾಯಿಯನ್ನು ಹಿಡಿದುಕೊಂಡು ನಷ್ಟದ ಲೆಕ್ಕ ಹಾಕೀತು. ಆಧಾರ ಪುಟದಲ್ಲಿ ‘ವರ್ಷ ಎಂದರೆ ಬಿತ್ತನೆ ಹಂಗಾಮು, 2023–24 ಎಂದೇ ಬರೆಯಬೇಕು’ ಎಂದಿರಲಿ, ಬೆಲೆಯೂ ಅಲ್ಲೇ ಇರಲಿ.

ರೈತರ ಹೆಸರು, ಫೋನ್ ನಂಬರ್, ಸರ್ವೆ ನಂಬರ್ ಚಾಟ್‌ಗೆ ಹಾಕಬಾರದು. ಆ-1, ಚಿ-7, ಸೇ-14 ಎಂಬಂತೆ ಗುರುತು ಕೊಟ್ಟು, ಹೆಸರಿನ ಪಟ್ಟಿಯನ್ನು ಬೇರೆ ಇಡಿ. ಚಾಟ್‌ಬಾಟ್ ಬಳಕೆಗೆ ನಿಮ್ಮ ವಿಭಾಗದ ನಿಯಮ ಏನು ಎಂದು ಗೈಡ್ ಹತ್ತಿರ ಈಗಲೇ ಕೇಳಿಕೊಳ್ಳಿ.

ಹಂದರ ಹಾಕುವುದು

ಬರೀ ಶೀರ್ಷಿಕೆ ಕೊಟ್ಟು ರೂಪುರೇಷೆ ಕೇಳಿದರೆ ಪೀಠಿಕೆ, ಮಹತ್ವ, ಸವಾಲು, ಪರಿಹಾರ, ಉಪಸಂಹಾರ ಎಂಬ ಸಿದ್ಧ ಅಚ್ಚು ಬರುತ್ತದೆ. ಬದಲಿಗೆ ಆಧಾರ ಪುಟ ಮತ್ತು ನಿಮ್ಮ ಕೈಯಲ್ಲಿರುವ ಕೋಷ್ಟಕಗಳ ಪಟ್ಟಿ ಕೊಟ್ಟು ಹೀಗೆ ಕೇಳಿ: ‘ಈ ಮಾಹಿತಿಯಿಂದ ಬರೆಯಲು ಸಾಧ್ಯವಿರುವ ಭಾಗಗಳನ್ನು ಮಾತ್ರ ಪಟ್ಟಿ ಮಾಡಿ. ಪ್ರತಿ ಭಾಗಕ್ಕೆ ಶೀರ್ಷಿಕೆ, ಅದು ಉತ್ತರಿಸುವ ಒಂದು ಪ್ರಶ್ನೆ, ಬಳಸುವ ಕೋಷ್ಟಕ, ಪದಮಿತಿ, ಮತ್ತು ಅಲ್ಲಿ ಏನು ಬರಬಾರದು ಎಂಬುದನ್ನು ಬರೆಯಿರಿ. ಮಾಹಿತಿ ಸಾಲದ ಕಡೆ ಹಾಗೆಂದು ಹೇಳಿ.’

ಕೊನೆಯ ಅಂಕಣ, ‘ಏನು ಬರಬಾರದು’ ಎಂಬುದು, ಎಲ್ಲಕ್ಕಿಂತ ಉಪಯೋಗದ್ದು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು ಎಂಬ ಸಂಗತಿ ಪೀಠಿಕೆಯಲ್ಲಿ ಒಮ್ಮೆ ಬಂದರೆ ಸಾಕು. ತಡೆಯದಿದ್ದರೆ ಪ್ರತಿ ಅಧ್ಯಾಯವೂ ‘ತೊಗರಿಯ ಕಣಜ ಎಂದೇ ಹೆಸರಾದ ಕಲಬುರಗಿ’ ಎಂದೇ ಬಾಯಿ ತೆರೆಯುತ್ತದೆ. ಪ್ರತಿ ತುಂಡನ್ನೂ ಅದು ಬಿಡಿ ಲೇಖನವೆಂದುಕೊಂಡು, ತಲೆ ಬಾಲ ಎರಡನ್ನೂ ಅಂಟಿಸುವುದೇ ಇದಕ್ಕೆ ಕಾರಣ.

ಅಳತೆಯ ಲೆಕ್ಕ ಸುಲಭ. ನಲವತ್ತು ಪುಟದಲ್ಲಿ ಕೋಷ್ಟಕ, ನಕ್ಷೆ, ಪ್ರಶ್ನಾವಳಿಗೆ ಎಂಟು ಪುಟ ಹೋದರೆ ಉಳಿದದ್ದು 32. ಪುಟಕ್ಕೆ 250 ಪದ ಹಿಡಿದರೆ 8,000 ಪದ. 600ರಿಂದ 700 ಪದದ ಹನ್ನೆರಡು ಭಾಗ ಮಾಡಿದರೆ ಸರಿಹೋಗುತ್ತದೆ. ಅದಕ್ಕಿಂತ ದೊಡ್ಡ ತುಂಡು ಕೇಳಿದರೆ ಕೊನೆಯ ಪ್ಯಾರಾಗಳು ತೆಳುವಾಗುತ್ತವೆ. ಪದ ಎಣಿಸುವುದರಲ್ಲಿ ಚಾಟ್‌ಬಾಟ್ ಭರವಸೆಯದ್ದಲ್ಲ. ವರ್ಡ್‌ನಲ್ಲಿ ಅಂಟಿಸಿ ಎಣಿಕೆ ನೋಡಿ.

ಹಂದರ ಗಟ್ಟಿಯಾಗುವ ತನಕ ಒಂದು ಸಾಲೂ ಬರೆಸಬೇಡಿ. ಭಾಗವನ್ನು ಮೇಲೆ ಕೆಳಗೆ ಮಾಡುವುದು ಈಗ ಎರಡು ನಿಮಿಷದ ಕೆಲಸ, ಕರಡು ಬಂದ ಮೇಲೆ ಎರಡು ದಿನದ್ದು.

ಭಾಗ ಭಾಗವಾಗಿ ಕರಡು

ಪೀಠಿಕೆಯಿಂದ ಆರಂಭಿಸಬೇಡಿ. ಅಂಕಿ ಗಟ್ಟಿಯಾಗಿರುವ ಭಾಗ, ಅಂದರೆ ಸಮೀಕ್ಷೆಯ ಫಲಿತಾಂಶ ಮೊದಲು. ಪೀಠಿಕೆ ಮತ್ತು ಸಾರಾಂಶ ಕೊನೆಗೆ. ಏನು ಹೇಳಿದ್ದೇವೆ ಎಂಬುದು ಆಗ ಗೊತ್ತಿರುತ್ತದೆ.

ಪ್ರತಿ ಭಾಗಕ್ಕೂ ಹೊಸ ಚಾಟ್ ತೆರೆಯುವುದು ಒಳ್ಳೆಯದು. ಒಂದೇ ಚಾಟ್ ಎಳೆದುಕೊಂಡು ಹೋದರೆ ಎಲ್ಲ ನೆನಪಿರುತ್ತದೆ ಎಂದು ಅನಿಸುವುದು ಸಹಜ, ಆಗುವುದು ಉಲ್ಟಾ. ಚಾಟ್ ಉದ್ದವಾದಷ್ಟೂ ಹಿಂದಿನದು ಹಿಡಿತದಿಂದ ಜಾರುತ್ತದೆ. ಇನ್ನೂ ಕೆಟ್ಟದ್ದೆಂದರೆ, ನೀವು ತಿದ್ದಿದ ಹಳೆಯ ತಪ್ಪು ಅಲ್ಲೇ ಬಿದ್ದಿರುತ್ತದೆ. ಮೊದಲು 36 ಎಂದು ತಪ್ಪಾಗಿ ಟೈಪ್ ಮಾಡಿ, ಆಮೇಲೆ ‘36 ಅಲ್ಲ, 38’ ಎಂದು ತಿದ್ದಿರುತ್ತೀರಿ. ಚಾಟ್‌ನಲ್ಲಿ ಎರಡೂ ಇವೆ. ಐದು ಭಾಗ ಆದ ಮೇಲೆ 36 ಮತ್ತೆ ತಲೆ ಎತ್ತಬಹುದು. ಹೊಸ ಚಾಟ್‌ನಲ್ಲಿ ಆ ಕಸ ಇರುವುದಿಲ್ಲ.

ಹೊಸ ಚಾಟ್‌ಗೆ ಆಧಾರ ಪುಟ, ಪೂರ್ತಿ ಹಂದರ, ಹಿಂದಿನ ಭಾಗದ ಕೊನೆಯ ಪ್ಯಾರಾ, ಈ ಭಾಗದ ಕೋಷ್ಟಕ ಅಂಟಿಸಿ. ಜೊತೆಗೆ ಈ ಆದೇಶ: ‘ಭಾಗ 4 ಮಾತ್ರ ಬರೆಯಿರಿ. ಕೊಟ್ಟಿಲ್ಲದ ಅಂಕಿ ಬೇಕೆನಿಸಿದರೆ ಊಹಿಸದೆ [ಅಂಕಿ ಬೇಕು] ಎಂದು ಬಿಡಿ. ಆರಂಭದ ಪರಿಚಯ, ಕೊನೆಯ ಸಾರಾಂಶ ಬೇಡ.’ ಚೌಕ ಕಂಸಗಳನ್ನು ಆಮೇಲೆ ಹುಡುಕಿ ತುಂಬಬಹುದು. ಈ ಸಾಲು ಇದ್ದರೂ ಒಮ್ಮೊಮ್ಮೆ ಊಹೆ ನುಸುಳುತ್ತದೆ. ಅಂಕಿ ಕಂಡಲ್ಲೆಲ್ಲ ಕೋಷ್ಟಕದ ಜೊತೆ ಹೋಲಿಸಲೇಬೇಕು.

ಲೆಕ್ಕವನ್ನು ಅದಕ್ಕೆ ಬಿಡಬೇಡಿ. ರೋಗ ಕಂಡ 38 ಜನರ ಸರಾಸರಿ ಇಳುವರಿ ಎಕರೆಗೆ 3.2 ಕ್ವಿಂಟಲ್, ಉಳಿದ 22 ಜನರದು 5.1. ಒಟ್ಟು ಸರಾಸರಿ ಎಷ್ಟು? ಎರಡನ್ನೂ ಕೂಡಿ ಅರ್ಧ ಮಾಡಿದರೆ 4.15 ಬರುತ್ತದೆ, ಓದಲು ಸರಿಯೆನಿಸುತ್ತದೆ. ಆದರೆ ಗುಂಪುಗಳು ಸಮವಲ್ಲ. ರೈತರ ಸಂಖ್ಯೆಯ ಪ್ರಕಾರ ಲೆಕ್ಕ ಹಾಕಿದರೆ 3.9. ಎಕ್ಸೆಲ್‌ನಲ್ಲಿ ನೀವೇ ಹಾಕಿ, ಉತ್ತರವನ್ನು ಆಧಾರ ಪುಟದಲ್ಲಿ ಬರೆಯಿರಿ:

```
=(38*3.2+22*5.1)/60
```

ರೈತರ ಮಾತಿನ ವಿಷಯದಲ್ಲಿ ಇನ್ನೊಂದು ಎಚ್ಚರ. ‘ಹೂ ಬಿಡೋ ಹೊತ್ನ್ಯಾಗ ಗಿಡ ನಿಂತಲ್ಲೇ ಒಣಗ್ಯಾವ್ರಿ’ ಎಂದು ಹೇಳಿದ್ದನ್ನು ಚಾಟ್‌ಬಾಟ್ ‘ಹೂಬಿಡುವ ಹಂತದಲ್ಲಿ ಸಸ್ಯಗಳು ಒಣಗಿದವು’ ಎಂದು ತೊಳೆದಿಟ್ಟು, ಉದ್ಧರಣ ಚಿಹ್ನೆಯನ್ನೂ ಹಾಗೇ ಉಳಿಸುತ್ತದೆ. ಅದು ರೈತ ಆಡಿದ ಮಾತಲ್ಲ. ಮಾತನ್ನು ಕೊಡಲೇಬೇಡಿ, [ಮಾತು ಚಿ-7] ಎಂದು ಜಾಗ ಬಿಡಲು ಹೇಳಿ, ನಿಮ್ಮ ನೋಟ್‌ಬುಕ್ಕಿನಿಂದ ನೀವೇ ತುಂಬಿ.

ಭಾಗ ಮುಗಿದೊಡನೆ ಆಧಾರ ಪುಟದ ಕೆಳಗೆ ಮೂರು ಸಾಲು ಸೇರಿಸಿ: ಏನು ಹೇಳಿಯಾಯಿತು, ಯಾವ ಅಂಕಿ ಬಳಸಿಯಾಯಿತು, ಮುಂದೆ ನೋಡಿ ಎಂದು ಎಲ್ಲಿಗೆ ಮಾತು ಕೊಟ್ಟಿದ್ದೇವೆ. ಕೊನೆಯದು ಮರೆತೇ ಹೋಗುತ್ತದೆ. ‘ಇದನ್ನು ಏಳನೇ ಭಾಗದಲ್ಲಿ ಚರ್ಚಿಸಲಾಗಿದೆ’ ಎಂದು ನಾಲ್ಕನೆಯದು ಹೇಳುತ್ತದೆ, ಏಳನೆಯದರಲ್ಲಿ ಅದರ ಸುಳಿವೇ ಇರುವುದಿಲ್ಲ.

ಜೋಡಿಸಿದ ಮೇಲೆ

ಹನ್ನೆರಡನ್ನೂ ಒಂದೇ ಕಡತಕ್ಕೆ ತಂದ ಮೇಲೆ ‘ಇದನ್ನು ಏಕರೂಪವಾಗಿ ತಿದ್ದಿಕೊಡು’ ಎನ್ನಬೇಡಿ. ಅದು ಇಡೀ ಪಠ್ಯವನ್ನು ಮತ್ತೆ ಬರೆಯುತ್ತದೆ. ಎಲ್ಲಿ ಏನು ಬದಲಾಯಿತು, ಏನು ಉದುರಿತು ತಿಳಿಯುವುದಿಲ್ಲ. ತಿದ್ದಲು ಹೇಳದೆ, ಪಟ್ಟಿ ಮಾಡಲು ಹೇಳಿ. ಮೂರು ನಾಲ್ಕು ಭಾಗ ಒಟ್ಟಿಗೆ ಕೊಟ್ಟು, ‘ಇದರಲ್ಲಿ ಬಂದ ಪ್ರತಿ ಅಂಕಿಯನ್ನೂ ಭಾಗದ ಸಂಖ್ಯೆ ಮತ್ತು ಆ ವಾಕ್ಯದೊಂದಿಗೆ ಕೋಷ್ಟಕ ಮಾಡಿ’ ಎಂದು ಕೇಳಿ. ಆಗ ಕಾಣುತ್ತದೆ: ಒಂದು ಕಡೆ ‘38 ರೈತರು’, ಇನ್ನೊಂದು ಕಡೆ ‘ಶೇ 63’, ಮತ್ತೊಂದು ಕಡೆ ‘ಮೂರನೇ ಎರಡು ಭಾಗದಷ್ಟು’, ಸಾರಾಂಶದಲ್ಲಿ ‘ಬಹುತೇಕ ರೈತರು’. ಕೊನೆಯೆರಡು ಮಾತು 38ಕ್ಕೆ ಇಲ್ಲದ ತೂಕ ಕೊಡುತ್ತವೆ. ಪಟ್ಟಿ ಅಪೂರ್ಣ ಇರಬಹುದು, ಹಾಗಾಗಿ 38, 63, 3.2 ಇವನ್ನು ಕಂಟ್ರೋಲ್-ಎಫ್ ಒತ್ತಿ ನೀವೂ ಒಮ್ಮೆ ಹುಡುಕಿ.

ಪದ ಬದಲಿಸುವಾಗ ‘ರಿಪ್ಲೇಸ್ ಆಲ್’ ಕನ್ನಡದಲ್ಲಿ ಕೈಕೊಡುತ್ತದೆ. ‘ಉತ್ಪನ್ನ’ವನ್ನು ‘ಇಳುವರಿ’ ಮಾಡಲು ಹೋದರೆ ‘ಉತ್ಪನ್ನದಲ್ಲಿ’ ಎಂಬುದು ‘ಇಳುವರಿದಲ್ಲಿ’ ಆಗುತ್ತದೆ. ‘ತೊಗರಿ’ಯನ್ನು ‘ತೊಗರಿಬೇಳೆ’ ಮಾಡಿದರೆ ಮೊದಲೇ ಬೇಳೆ ಇದ್ದ ಕಡೆ ‘ತೊಗರಿಬೇಳೆಬೇಳೆ’. ಒಂದೊಂದೇ ನೋಡಿ ಬದಲಿಸಿ.

ಉಳಿದದ್ದು ಫಾಂಟ್. ಚಾಟ್‌ಬಾಟ್ ಬರೆಯುವುದು ಯೂನಿಕೋಡ್ ಕನ್ನಡ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಅಧ್ಯಾಯವನ್ನು ಚಾಟ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವೊತ್ತು ಸರಿ ಇವೆಯೇ ನೋಡಬೇಕು. ಪ್ರಿಂಟ್‌ಗೆ ಕೊಡುವಾಗ ಅಂಗಡಿಯವರು ಯೂನಿಕೋಡನ್ನು ಮತ್ತೆ ನುಡಿಗೆ ತಿರುಗಿಸಿಕೊಂಡರೆ, ಕೋಷ್ಟಕಗಳೊಳಗಿನ ಅಂಕಿಗಳನ್ನು ಪ್ರೂಫ್‌ನಲ್ಲಿ ಇನ್ನೊಮ್ಮೆ ಆಧಾರ ಪುಟಕ್ಕೆ ತಾಳೆ ಹಾಕಿ, ಆಮೇಲೆ ಬೈಂಡಿಂಗ್‌ಗೆ ಹೇಳಿ.