‘ಕೊಡಬೇಕು’ ಮತ್ತು ‘ಕೊಟ್ಟಿರಬೇಕು’: ಚೆಕ್ ಬೌನ್ಸ್ ನಿಯಮವನ್ನು ತಿದ್ದಿ ಬರೆದ ನನ್ನ ಅನುಭವ

ಹನುಮಂತನಗರದ ಮನೆಯಲ್ಲೇ ಕೂತು ಬೇರೆಯವರ ಕನ್ನಡ ಬರಹ ತಿದ್ದಿಕೊಡುವ ಕೆಲಸ ನನ್ನದು. ಹೋದ ವರ್ಷ ಪರಿಚಯದ ವಕೀಲ ಮೇಡಂ ಒಬ್ಬರು ಚೆಕ್ ಬೌನ್ಸ್ ಬಗ್ಗೆ ತಾವೇ ಬರೆದ ಎರಡು ಪುಟ ಕಳಿಸಿದರು. "ಚಿಕ್ಕಪೇಟೆ ಅಂಗಡಿಯವರು ಓದಿದ್ರೂ ಅರ್ಥ ಆಗ್ಬೇಕು. ಆದ್ರೆ ಅವರ ಕೇಸಿಗೆ ನಾನು ಸಲಹೆ ಕೊಟ್ಟ ಹಾಗೆ ಇರ್ಬಾರ್ದು" ಅಂದರು. ಅರ್ಥವಾಗುವ ಹಾಗೆ ಬರೆಯುವುದು ಗೊತ್ತಿತ್ತು. ಎರಡನೆಯದನ್ನು ಈ ಎರಡು ಪುಟದ ಮೇಲೇ ಕಲಿತೆ.

ನಿಯಮ ಇಷ್ಟು. ಕೊಡಬೇಕಾದ ಬಾಕಿಗಾಗಿ ಕೊಟ್ಟ ಚೆಕ್, ಖಾತೆಯಲ್ಲಿ ಹಣ ಸಾಲದೆ ವಾಪಸು ಬಂದರೆ ಅದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನ ಅಪರಾಧವಾಗಬಲ್ಲದು. ಆದರೆ ಚೆಕ್ ವಾಪಸಾದ ಕ್ಷಣಕ್ಕೇ ಅಪರಾಧ ಪೂರ್ತಿಯಾಗುವುದಿಲ್ಲ. ಚೆಕ್ಕನ್ನು ಅದರ ಅವಧಿಯೊಳಗೆ, ಅಂದರೆ ಈಗ ಮೂರು ತಿಂಗಳೊಳಗೆ, ಬ್ಯಾಂಕಿಗೆ ಹಾಕಿರಬೇಕು. ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಹಣ ಕೇಳಿ ಲಿಖಿತ ನೋಟಿಸ್ ಕೊಟ್ಟಿರಬೇಕು. ನೋಟಿಸ್ ಕೈಸೇರಿದ ಮೇಲೆ ಚೆಕ್ ಬರೆದವರಿಗೆ 15 ದಿನದ ಅವಕಾಶ. ಆಗಲೂ ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು.

ಮೇಡಂ ಬರಹದ ಮೊದಲ ಸಾಲು ಹೀಗಿತ್ತು: "ನಿಮ್ಮ ಚೆಕ್ ಬೌನ್ಸ್ ಆಗಿದೆಯೇ? ತಕ್ಷಣ ನೋಟಿಸ್ ಕೊಡಬೇಕು, ಹಣ ಖಂಡಿತ ವಸೂಲಾಗುತ್ತದೆ." ‘ಖಂಡಿತ’ವನ್ನು ಮೊದಲೇ ಹೊಡೆದುಹಾಕಿದೆ. ‘ನಿಮ್ಮ’, ‘ನೀವು’ ಇದ್ದಲ್ಲೆಲ್ಲ ‘ಚೆಕ್ ಪಡೆದವರು’, ‘ಚೆಕ್ ಬರೆದವರು’ ಎಂದು ಮಾಡಿದೆ. ಅಷ್ಟಾದರೂ ಅದು ಸಲಹೆಯಂತೆಯೇ ಕೇಳಿಸುತ್ತಿತ್ತು. ಯಾಕೆ ಎಂದು ಒಂದು ಸಂಜೆಯೆಲ್ಲ ಗಟ್ಟಿಯಾಗಿ ಓದಿ ನೋಡಿದೆ. ತೊಡಕು ‘ಬೇಕು’ವಿನಲ್ಲಿತ್ತು. "ನೋಟಿಸ್ ಕೊಡಬೇಕು" ಎಂದರೆ ಕಾನೂನು ಕೇಳುತ್ತದೆ ಎಂದೂ ಆಗುತ್ತದೆ, ಹೋಗಿ ಕೊಡಿ ಎಂದೂ ಆಗುತ್ತದೆ. ಅಂಗಡಿಯಲ್ಲಿ ಕೂತು ಓದುವವರಿಗೆ ಎರಡನೆಯದೇ ಕೇಳಿಸುವುದು. "ಕೊಟ್ಟಿರಬೇಕು" ಎಂದಾಗ ಮಾತು ಬದಲಾಗುತ್ತದೆ. ಕೋರ್ಟು ಮುಂದೊಂದು ದಿನ ಹಿಂತಿರುಗಿ ನೋಡಿದಾಗ ಏನು ನಡೆದಿರಬೇಕಿತ್ತು ಎಂಬ ಷರತ್ತಾಗಿ ಅದು ನಿಲ್ಲುತ್ತದೆ. ಎರಡು ಪುಟದಲ್ಲಿ ಇಂಥ ಹನ್ನೊಂದು ಕಡೆ ‘ಇರಬೇಕು’ ಸೇರಿಸಿದೆ.

‘ಬಹುದು’ ಕೂಡ ಹಾಗೇ. "ಎರಡು ವರ್ಷ ಜೈಲಾಗಬಹುದು" ಎಂದರೆ ಓದುವವರ ಕಣ್ಣಿಗೆ ಜೈಲೇ ಕಾಣುತ್ತದೆ. "ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ ವಿಧಿಸುವ ಅಧಿಕಾರ ಕೋರ್ಟಿಗಿದೆ" ಎಂದು ಬರೆದೆ. ಸಾಲು ಉದ್ದವಾಯಿತು. ಆದರೆ ಯಾರಿಗೆ ಏನಾಗುತ್ತದೆ ಎಂಬ ಭವಿಷ್ಯ ಅದರಲ್ಲಿಲ್ಲ.

ಇಷ್ಟಾದ ಮೇಲೆ ನಾನೇ ಒಂದು ದೊಡ್ಡ ತಪ್ಪು ಮಾಡಿದೆ. ಒಂದೇ ಬರಹದಲ್ಲಿ 30 ದಿನ, 15 ದಿನ, ಒಂದು ತಿಂಗಳು ಎಂದೆಲ್ಲ ಇದ್ದರೆ ಓದುವವರು ಗಲಿಬಿಲಿಯಾಗುತ್ತಾರೆಂದು ‘30 ದಿನ’ವನ್ನು ‘ಒಂದು ತಿಂಗಳು’ ಎಂದು ಸರಳ ಮಾಡಿದೆ. ಮೇಡಂ ಅದನ್ನು ಓದಿದವರೇ ಫೋನ್ ಮಾಡಿದರು. "ಎರಡೂ ಒಂದೇ ಅಲ್ಲ ರೀ. ಮಾರ್ಚ್ 3ಕ್ಕೆ ಬ್ಯಾಂಕಿನಿಂದ ಸುದ್ದಿ ಬಂತು ಅಂದ್ಕೊಳ್ಳಿ. ಆ ದಿನ ಬಿಟ್ಟು ಎಣಿಸಿ."

ಕ್ಯಾಲೆಂಡರ್ ತೆಗೆದು ಬೆರಳಿಟ್ಟು ಎಣಿಸಿದೆ. ಮಾರ್ಚ್ 4 ಮೊದಲ ದಿನ, ಮೂವತ್ತನೆಯದು ಏಪ್ರಿಲ್ 2. ತಿಂಗಳೆಂದು ಹಿಡಿದರೆ ಏಪ್ರಿಲ್ 3. ನಾನು ಬರೆದದ್ದನ್ನು ನಂಬಿ ಕೊನೆಯ ದಿನದವರೆಗೆ ಕಾದವರ ನೋಟಿಸ್ ಒಂದು ದಿನ ತಡ. ದೂರು ತಡವಾದರೆ ತಕ್ಕ ಕಾರಣ ತೋರಿಸಿ ಕೋರ್ಟನ್ನು ಕೇಳಿಕೊಳ್ಳಲು ಕಾನೂನಿನಲ್ಲಿ ದಾರಿಯಿದೆ, ನೋಟಿಸ್ ತಡವಾದರೆ ಹಾಗೆ ಮನ್ನಿಸುವ ದಾರಿ ಇಲ್ಲ ಎಂದು ಮೇಡಂ ಹೇಳಿದಾಗ ಕೈ ತಣ್ಣಗಾಯಿತು. ಅಂದಿನಿಂದ ಕಾನೂನಿನ ಅಂಕಿಯನ್ನು ನಾನು ಮುಟ್ಟುವುದಿಲ್ಲ. ಸುತ್ತಲಿನ ಮಾತನ್ನು ಮಾತ್ರ ಸಡಿಲ ಮಾಡುತ್ತೇನೆ.

ಆ ಎಣಿಕೆಯನ್ನೇ ಉದಾಹರಣೆಯಾಗಿ ಬರಹಕ್ಕೆ ಸೇರಿಸಿದೆವು. ಒಬ್ಬ ಜವಳಿ ವ್ಯಾಪಾರಿ, ಅವರಿಂದ ಸೀರೆ ಕೊಂಡು ಚೆಕ್ ಕೊಟ್ಟ ಒಬ್ಬ ಗಿರಾಕಿ. ಸುದ್ದಿ ಮಾರ್ಚ್ 3ಕ್ಕೆ, ನೋಟಿಸ್ ಹೋದದ್ದು ಮಾರ್ಚ್ 20ಕ್ಕೆ, ಗಿರಾಕಿಯ ಕೈಸೇರಿದ್ದು 24ಕ್ಕೆ. ಹದಿನೈದು ದಿನ ಏಪ್ರಿಲ್ 8ಕ್ಕೆ ಮುಗಿಯಿತು. ಹಣ ಬರಲಿಲ್ಲ. ದೂರು ಕೊಡುವ ಹಕ್ಕು ಹುಟ್ಟಿದ್ದು ಏಪ್ರಿಲ್ 9ಕ್ಕೆ, ಅದರ ಗಡುವು ಮೇ 9. ಕಥೆಯನ್ನು ಅಲ್ಲಿಗೇ ಬಿಟ್ಟೆವು. ವ್ಯಾಪಾರಿ ಗೆದ್ದರೆಂದೂ ಬರೆಯಲಿಲ್ಲ, ಸೋತರೆಂದೂ ಬರೆಯಲಿಲ್ಲ. ಗೆದ್ದರೆಂದು ಬರೆದರೆ ಓದಿದವರು ತಮ್ಮನ್ನು ಆ ಜಾಗದಲ್ಲಿ ಇಟ್ಟುಕೊಂಡುಬಿಡುತ್ತಾರೆ.

ಮೇಡಂಗೆ ಮತ್ತೆ ಕಳಿಸುವ ಮೊದಲು ಗಾಂಧಿ ಬಜಾರಿನಲ್ಲಿ ನಾನು ಪ್ರಿಂಟ್ ತೆಗೆಸುವ ಝೆರಾಕ್ಸ್ ಅಂಗಡಿಯವರಿಗೆ ಓದಲು ಕೊಟ್ಟೆ. ಪೂರ್ತಿ ಓದಿ, "ಹಾಗಾದ್ರೆ ನಾನೂ ಕೇಸ್ ಹಾಕ್ಬಹುದು ಅಲ್ವಾ ಸಾರ್? ನನ್ ಹತ್ರ ಒಬ್ರು ಸೆಕ್ಯುರಿಟಿಗೆ ಅಂತ ಕೊಟ್ಟಿದ್ ಚೆಕ್ ಇದೆ, ಮೊನ್ನೆ ವಾಪಸ್ ಬಂತು" ಅಂದರು. ಬರಹ ಎಲ್ಲಿ ಸೋರುತ್ತಿದೆ ಎಂದು ಆಗ ತಿಳಿಯಿತು. ಗಡುವುಗಳನ್ನೆಲ್ಲ ಹೇಳಿದ್ದೆವು, ಗಡುವು ಸರಿಯಿದ್ದ ಮಾತ್ರಕ್ಕೆ ತೀರ್ಮಾನವಾಗದ ಸಂಗತಿಗಳನ್ನು ಹೇಳಿರಲಿಲ್ಲ. ಉಡುಗೊರೆಯಾಗಿ ಕೊಟ್ಟ ಚೆಕ್ಕಿಗೆ ಹಿಂದೆ ಬಾಕಿಯೇ ಇರುವುದಿಲ್ಲ, ಅದು 138ಕ್ಕೆ ಬರುವುದಿಲ್ಲ. ಸೆಕ್ಯುರಿಟಿ ಚೆಕ್ ಆದರೆ, ಅದನ್ನು ಬ್ಯಾಂಕಿಗೆ ಹಾಕಿದ ಹೊತ್ತಿಗೆ ಅಷ್ಟು ಮೊತ್ತದ ಬಾಕಿ ನಿಜಕ್ಕೂ ಇತ್ತೇ ಎಂಬ ಪ್ರಶ್ನೆ ಏಳುತ್ತದೆ. ನಡುವೆ ಒಂದಷ್ಟು ಹಣ ತೀರಿಸಿದ್ದರೆ ಲೆಕ್ಕವೇ ಬೇರೆ. ಇದನ್ನು ಕಾಗದಪತ್ರ ನೋಡಿದವರು ಮಾತ್ರ ಹೇಳಬಲ್ಲರು. ಈ ಮಾತಿಗೆ ಒಂದು ಇಡೀ ಪ್ಯಾರಾ ಕೊಟ್ಟೆವು.

ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ "ಇದು ಕಾನೂನು ಸಲಹೆಯಲ್ಲ" ಎಂಬ ಸಾಲನ್ನು ತೆಗೆದು, ಅದರ ಬದಲು ಎರಡು ಸಾಲನ್ನು ಮೇಲಕ್ಕೆ ತಂದೆ: "ಈ ಬರಹ 138ನೇ ಸೆಕ್ಷನ್ನಿನ ಗಡುವುಗಳನ್ನು ವಿವರಿಸುತ್ತದೆ. ನಿಮ್ಮ ಕೈಯಲ್ಲಿರುವ ಚೆಕ್ ಇದರಡಿ ಬರುತ್ತದೆಯೇ ಎಂದು ಹೇಳುವುದಿಲ್ಲ." ಇಡೀ ಬರಹದಲ್ಲಿ ‘ನಿಮ್ಮ’ ಉಳಿದದ್ದು ಅಲ್ಲೊಂದೇ ಕಡೆ, ಬೇಕೆಂದೇ ಉಳಿಸಿದ್ದು. "ಸಂಪರ್ಕಿಸಿ" ಎಂದು ಮೇಡಂ ಹಾಕಿದ್ದ ಫೋನ್ ನಂಬರನ್ನು ಅವರೇ ತೆಗೆಸಿದರು. ವಕೀಲರು ಜಾಹೀರಾತು ಕೊಟ್ಟು ಕೇಸು ಕೇಳಬಾರದೆಂದು ಬಾರ್ ಕೌನ್ಸಿಲ್ ನಿಯಮವೇ ಇದೆ. ಆ ಜಾಗದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100 ಬಂತು.

ತಿದ್ದಿದ ಪ್ರತಿಯನ್ನು ಝೆರಾಕ್ಸ್ ಅಂಗಡಿಗೆ ಮತ್ತೆ ಒಯ್ದೆ. ಈ ಸಲ ಅವರು ನನ್ನನ್ನು ಏನೂ ಕೇಳಲಿಲ್ಲ. ಗಲ್ಲಾಪೆಟ್ಟಿಗೆಯ ಕೆಳಗಿಂದ ಬ್ಯಾಂಕಿನ ಮೆಮೊ ತೆಗೆದು ತಾರೀಖು ನೋಡಿದರು. "ಇದು ನನ್ ಕೈಗೆ ಬಂದಿದ್ದು ಯಾವತ್ತು ಅಂತ ಮೊದ್ಲು ನೋಡ್ಬೇಕು. ಆಮೇಲೆ ಸಾಲದ ಪತ್ರ ತಗೊಂಡು ವಕೀಲರ ಹತ್ರ ಹೋಗ್ತೀನಿ" ಎಂದು ಮಗನಿಗೆ ಅಂಗಡಿ ನೋಡಿಕೊಳ್ಳಲು ಹೇಳಿದರು.